ತಂದೆಯ ಹೆಸರು ಬೇರೆ, ತಂದೆಯ ಸಹಿ ಬೇರೆ: ಬೇರೆ ಬೇರೆ ಇರುವ ಪೋಷಕರ ಮಗುವಿಗೆ ಪಾಸ್‌ಪೋರ್ಟ್ ಮತ್ತು ಶಾಲೆ ದಾಖಲೆ

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಶಹಾಪುರ ತಾಲ್ಲೂಕಿನ ಗಂಡನ ಮನೆ ಬಿಟ್ಟು ಕಲಬುರಗಿಯ ತವರಿಗೆ ಬಂದು ಎರಡು ವರ್ಷ ಕಳೆದಿತ್ತು. ಕೋರ್ಟಿನಲ್ಲಿ ಯಾವ ಕೇಸೂ ಇರಲಿಲ್ಲ. ದುಬೈಯಲ್ಲಿರುವ ನನ್ನ ತಂಗಿ ಬೇಸಿಗೆ ರಜೆಗೆ ಕರೆದಳು. ಪಾಸ್‌ಪೋರ್ಟ್ ಮಾಡಿಸೋಣ ಎಂದು ಹೋದರೆ ಸೈಬರ್ ಸೆಂಟರಿನ ಹುಡುಗ ಒಂದೇ ಮಾತು ಹೇಳಿದ: "ತಂದಿ ಸಹಿ ಇಲ್ದೆ ಆಗಂಗಿಲ್ರಿ ಅಕ್ಕಾ." ಶಾಲೆಯಲ್ಲೂ ಅದೇ ಮಾತು. ಎರಡೂ ಕಡೆ ಅದು ತಪ್ಪು ಮಾಹಿತಿ ಎಂದು ನನಗೆ ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಪರಿಚಯದ ಮೂರು ನಾಲ್ಕು ತಾಯಂದಿರಿಗೆ ಇದೇ ಕೆಲಸದಲ್ಲಿ ಜೊತೆಯಾದೆ. ಆ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಾಯಿ ಎಂದು ಬರೆದ ಕಡೆ ಮಗುವನ್ನು ಇಟ್ಟುಕೊಂಡಿರುವ ತಂದೆ ಎಂದೂ ಓದಿಕೊಳ್ಳಬಹುದು. ನಿಯಮ ಇಬ್ಬರಿಗೂ ಒಂದೇ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಮಗುವಿನ ದಾಖಲೆಯಲ್ಲಿ ತಂದೆಯ ಹೆಸರು ಇರುವುದು ಒಂದು ಸಂಗತಿ. ಅರ್ಜಿಗೆ ತಂದೆಯ ಒಪ್ಪಿಗೆ ಸಹಿ ಬೇಕಾಗುವುದು ಇನ್ನೊಂದು ಸಂಗತಿ. ನಾವು ಸಿಟ್ಟಿನಲ್ಲಿ ಹೆಸರನ್ನೇ ತೆಗೆಸಲು ಹೋಗುತ್ತೇವೆ. ಅದರಿಂದ ಕೆಲಸ ಹಗುರವಾಗುವುದಿಲ್ಲ, ಜಾಸ್ತಿ ಆಗುತ್ತದೆ. ಹೆಸರು ಇದ್ದ ಹಾಗೇ ಇರಲಿ. ಸಹಿ ಸಿಗದಿದ್ದರೆ ಅದಕ್ಕೆ ಬೇರೆ ಕಾಗದ ಇದೆ.

ಮೊದಲ ಹೆಜ್ಜೆ: ಹೆಸರು ಮತ್ತು ವಿಳಾಸ ಹೊಂದಿಸಿಕೊಳ್ಳಿ

ಅರ್ಜಿ ಹಾಕುವ ಮುಂಚೆ ಮಗುವಿನ ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲೆಯ ದಾಖಲೆ, ಈ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ಅಕ್ಷರ ಅಕ್ಷರ ಓದಿ. ನಮ್ಮ ಕಡೆ ಮಗುವಿನ ಹೆಸರು, ತಂದೆಯ ಹೆಸರು, ಆಮೇಲೆ ಅಡ್ಡಹೆಸರು ಎಂದು ಬರೆಯುವ ರೂಢಿ ಇದೆ. ಜನನ ಪ್ರಮಾಣಪತ್ರದಲ್ಲಿ ಬರೀ "ಐಶ್ವರ್ಯ" ಎಂದಿರುತ್ತದೆ. ಆಧಾರ್‌ನಲ್ಲಿ ಅಡ್ಡಹೆಸರು ಸೇರಿರುತ್ತದೆ. ಶಾಲೆಯಲ್ಲಿ ತಂದೆಯ ಹೆಸರೂ ನಡುವೆ ಬಂದಿರುತ್ತದೆ. ಪಾಸ್‌ಪೋರ್ಟ್ ಕೌಂಟರಿನಲ್ಲಿ ಅರ್ಜಿ ನಿಲ್ಲುವುದು ಎಷ್ಟೋ ಸಲ ಇಲ್ಲೇ, ತಂದೆಯ ಸಹಿಯ ವಿಷಯದಲ್ಲಿ ಅಲ್ಲ.

ಜನನ ಪ್ರಮಾಣಪತ್ರವನ್ನೇ ಮೂಲವೆಂದು ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ದಿನಕ್ಕೆ ಈ ಪ್ರಮಾಣಪತ್ರ ಮಾತ್ರ ನಡೆಯುತ್ತದೆ. ಅದಕ್ಕೂ ಮುಂಚೆ ಹುಟ್ಟಿದವರಿಗೆ ಶಾಲೆಯ ಟಿಸಿಯಂಥ ಬೇರೆ ದಾಖಲೆಗಳೂ ನಡೆಯುತ್ತವೆ. ಆದರೂ ಪ್ರಮಾಣಪತ್ರ ಇದ್ದರೆ ಅದನ್ನೇ ಕೊಡಿ.

ಒಂದು ಸಮಾಧಾನದ ಮಾತು. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಲ್ಲಿ. ನಮ್ಮಲ್ಲಿ ಮೊದಲ ಹೆರಿಗೆ ತವರಲ್ಲೇ ಆಗುವುದರಿಂದ ಎಷ್ಟೋ ತಾಯಂದಿರ ಮಗುವಿನ ದಾಖಲೆ ತವರೂರಲ್ಲೇ ಇರುತ್ತದೆ. ಹಳೆಯ ಪ್ರತಿ ಗಂಡನ ಮನೆಯಲ್ಲಿ ಉಳಿದಿದ್ದರೆ ಅದಕ್ಕಾಗಿ ಜಗಳಕ್ಕೆ ಹೋಗಬೇಡಿ. ನೋಂದಣಿ ಆದ ಕಚೇರಿಯಲ್ಲಿ ಹೊಸ ಪ್ರತಿ ಸಿಗುತ್ತದೆ. ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿದ್ದರೆ ಅಲ್ಲೇ ಅರ್ಜಿ ಕೊಟ್ಟು ಸೇರಿಸಬಹುದು. ನೋಂದಣಿಯಾದ ದಿನದಿಂದ ಹದಿನೈದು ವರ್ಷದೊಳಗೆ ಅದು ಆಗಬೇಕು.

ಇನ್ನು ವಿಳಾಸ. ನಾನು ಎಡವಿದ್ದು ಇಲ್ಲಿ. ನನ್ನ ಆಧಾರ್‌ನಲ್ಲೂ ಮಗಳ ಆಧಾರ್‌ನಲ್ಲೂ ಶಹಾಪುರದ ವಿಳಾಸವೇ ಇತ್ತು. ಅದೇ ವಿಳಾಸದಲ್ಲಿ ಅರ್ಜಿ ಹಾಕಿದ್ದರೆ ಪೊಲೀಸರು ವಿಚಾರಣೆಗೆ ಗಂಡನ ಮನೆ ಬಾಗಿಲಿಗೇ ಹೋಗುತ್ತಿದ್ದರು. "ಅವರು ಇಲ್ಲಿ ಇಲ್ಲ" ಎಂಬ ವರದಿ ಬಂದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಮಗು ನಿಜವಾಗಿ ಎಲ್ಲಿ ವಾಸವಿದೆಯೋ ಅಲ್ಲಿಗೆ ಮೊದಲು ಆಧಾರ್ ಬದಲಿಸಿ. ತವರಿನಲ್ಲಿ ನಮ್ಮ ಹೆಸರಿಗೆ ಕರೆಂಟ್ ಬಿಲ್ಲಾಗಲಿ ಬಾಡಿಗೆ ಕರಾರಾಗಲಿ ಎಲ್ಲಿರುತ್ತದೆ ಹೇಳಿ? ಅದಕ್ಕೆ ಕುಟುಂಬದ ಮುಖ್ಯಸ್ಥರ ಆಧಾರ್ ಮೇಲೆ ವಿಳಾಸ ಬದಲಿಸುವ ದಾರಿ ಇದೆ. ನಾನು ಅಪ್ಪನ ಆಧಾರ್ ನಂಬರ್ ಕೊಟ್ಟೆ, ಸಂಬಂಧದ ದಾಖಲೆ ಸೇರಿಸಿದೆ, ಅಪ್ಪ ಮೊಬೈಲಿನಲ್ಲಿ ಒಪ್ಪಿಗೆ ಕೊಟ್ಟರು. ಆ ಒಪ್ಪಿಗೆ ಮೂವತ್ತು ದಿನದೊಳಗೆ ಸಿಗಬೇಕು, ಇಲ್ಲದಿದ್ದರೆ ಕೋರಿಕೆ ಬಿದ್ದುಹೋಗುತ್ತದೆ.

ಎರಡನೇ ಹೆಜ್ಜೆ: ನಿಮ್ಮದು ಯಾವ ಸ್ಥಿತಿ ಎಂದು ನಿರ್ಧರಿಸಿ

ಮಗುವಿನ ಪಾಸ್‌ಪೋರ್ಟ್ ಅರ್ಜಿಯ ಜೊತೆ ಒಂದು ಘೋಷಣಾ ಪತ್ರ ಇರಲೇಬೇಕು. ಇಬ್ಬರೂ ಸಹಿ ಮಾಡುವುದಾದರೆ ಅದು ಅನೆಕ್ಷರ್ ಡಿ. ಒಬ್ಬರ ಸಹಿ ಸಿಗದಿದ್ದರೆ ಅನೆಕ್ಷರ್ ಸಿ. ಎರಡರ ನಮೂನೆಯೂ passportindia.gov.in ತಾಣದಲ್ಲಿ ಸಿಗುತ್ತದೆ. ಅನೆಕ್ಷರ್ ಸಿ ಇದೆ ಎಂಬುದೇ ಆ ಸೈಬರ್ ಸೆಂಟರಿನ ಹುಡುಗನಿಗೆ ಗೊತ್ತಿರಲಿಲ್ಲ.

ಇದನ್ನು ಬಿಳಿ ಹಾಳೆಯಲ್ಲಿ ಮುದ್ರಿಸಿ ಸಹಿ ಮಾಡಿದರೆ ಸಾಕು. ಬಾಂಡ್ ಪೇಪರ್ ಬೇಡ, ನೋಟರಿ ಬೇಡ. 2016ರ ಡಿಸೆಂಬರಿನಲ್ಲಿ ವಿದೇಶಾಂಗ ಇಲಾಖೆ ಅದನ್ನೆಲ್ಲ ತೆಗೆದುಹಾಕಿತು. ಆದರೂ ಕೋರ್ಟ್ ಮುಂದೆ ಕೂತವರು ಬಾಂಡ್ ಮೇಲೆ ಟೈಪ್ ಮಾಡಿ ನೋಟರಿ ಹಾಕಿಸಿ ದುಡ್ಡು ತೆಗೆದುಕೊಳ್ಳುತ್ತಾರೆ. ಸುಮ್ನೆ ಖರ್ಚು. ಅಷ್ಟೇ ಅಲ್ಲ, ಅವರು ನಮೂನೆಯ ಮಾತುಗಳನ್ನು ಬದಲಿಸಿ ಬರೆದರೆ ಕೌಂಟರಿನಲ್ಲಿ ಅದನ್ನು ವಾಪಸ್ ಕೊಡುತ್ತಾರೆ.

ಅನೆಕ್ಷರ್ ಸಿಯಲ್ಲಿ ಮಗುವಿನ ವಿವರ ಮತ್ತು ಖರ್ಚಿನ ಜವಾಬ್ದಾರಿಯ ಮಾತು ಬಂದ ಮೇಲೆ, ಇನ್ನೊಬ್ಬರ ಸಹಿ ಯಾಕೆ ಪಡೆದಿಲ್ಲ ಎಂಬ ಕಾರಣ ಹೇಳಬೇಕು. ಅನ್ವಯಿಸದ ಕಾರಣಗಳನ್ನು ಹೊಡೆದುಹಾಕಿ ನಿಮ್ಮದನ್ನು ಮಾತ್ರ ಉಳಿಸಬೇಕು. ಇಡೀ ಅರ್ಜಿಯಲ್ಲಿ ಇದು ಅತ್ಯಂತ ಮುಖ್ಯವಾದ ಸಾಲು. ಇಲ್ಲಿ ಕೈ ತಡೆದು ಯೋಚಿಸಿ.

ನನ್ನದು ಬೇರೆ ಇದ್ದೇವೆ, ಕೋರ್ಟಿನಲ್ಲಿ ಯಾವ ಕೇಸೂ ಇಲ್ಲ ಎಂಬ ಸ್ಥಿತಿ. ಅದನ್ನೇ ಉಳಿಸಿದೆ. ಪರಿಚಯದವರೊಬ್ಬರು "ಗಂಡ ಎಲ್ಲಿದ್ದಾನೋ ಗೊತ್ತಿಲ್ಲ ಅಂತ ಬರಿ, ಲಗೂನ ಆಗ್ತದ" ಎಂದಿದ್ದರು. ನಾನು ಬರೆಯಲಿಲ್ಲ. ಗಂಡನ ಮನೆ, ಫೋನ್ ನಂಬರ್ ಎಲ್ಲ ನನಗೆ ಗೊತ್ತಿದ್ದವು. ಸುಳ್ಳು ಹೇಳಿ ಪಾಸ್‌ಪೋರ್ಟ್ ಪಡೆದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು, ಐದು ಸಾವಿರದವರೆಗೆ ದಂಡ ಇದೆ. ಪಾಸ್‌ಪೋರ್ಟನ್ನೂ ಜಪ್ತಿ ಮಾಡಬಹುದು. ಅದಕ್ಕಿಂತ ಹೆಚ್ಚಾಗಿ, ಮುಂದೆ ಮಗುವಿನ ಪಾಲನೆಯ ಕೇಸು ನಡೆದಾಗ ಆ ಒಂದು ಸುಳ್ಳು ಸಾಲನ್ನು ಎದುರಿನ ವಕೀಲರು ನಿಮ್ಮ ಮುಂದೆ ಹಿಡಿಯುತ್ತಾರೆ.

ಇನ್ನೊಂದು ತಪ್ಪು ನಮ್ಮ ಕಡೆ ಬಹಳ ನೋಡಿದ್ದೇನೆ. ಊರ ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ ಸೋಡಚೀಟಿ, ಅಂದರೆ ಗಂಡ ಹೆಂಡತಿ ಬೇರೆಯಾದ ಪತ್ರ, ಬರೆಸಿರುತ್ತಾರೆ. ಇಬ್ಬರೂ ಸಹಿ ಮಾಡಿರುತ್ತಾರೆ. ಅದನ್ನು ನಂಬಿ ತಾಯಿ ವಿಚ್ಛೇದನ ಆಗಿದೆ ಎಂಬ ಕಾರಣ ಉಳಿಸುತ್ತಾಳೆ. ಕೌಂಟರಿನಲ್ಲಿ ಡಿಕ್ರಿ ಕೇಳುತ್ತಾರೆ, ಇವಳ ಹತ್ತಿರ ಇರುವುದು ಸೋಡಚೀಟಿ. ಹಿಂದೂ ವಿವಾಹ ಕಾಯ್ದೆ ರೂಢಿಯ ವಿಚ್ಛೇದನವನ್ನು ಪೂರ್ತಿ ತಳ್ಳಿಹಾಕಿಲ್ಲ, ನಿಜ. ಆದರೆ ಆ ಸಮುದಾಯದಲ್ಲಿ ಅಂಥ ರೂಢಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಪಾಸ್‌ಪೋರ್ಟ್ ಕೌಂಟರ್ ಅದಕ್ಕೆ ಜಾಗ ಅಲ್ಲ. ನಿಮ್ಮ ಹತ್ತಿರ ಕೋರ್ಟ್ ಡಿಕ್ರಿ ಇಲ್ಲದಿದ್ದರೆ ಬೇರೆ ಇದ್ದೇವೆ ಎಂದೇ ಹೇಳಿ. ಅದು ನಿಜವೂ ಹೌದು, ಅಷ್ಟರಿಂದ ಕೆಲಸವೂ ಆಗುತ್ತದೆ.

ಡಿಕ್ರಿ ಆಗಿ ಮಗುವಿನ ಪಾಲನೆ ನಿಮಗೆ ಸಿಕ್ಕಿದ್ದರೆ ಅದರ ದೃಢೀಕೃತ ನಕಲು ಜೊತೆಗಿಡಿ. ಕೇಸು ಇನ್ನೂ ನಡೆಯುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಕೇಸು ಇದೆ ಎಂದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟ್ ಕೊಡಬಾರದು ಎಂದು ಕೋರ್ಟ್ ತಡೆದಿದೆಯೇ ಇಲ್ಲವೇ ಎಂಬುದು ಅಲ್ಲಿ ಮುಖ್ಯ. ತಂದೆ ಬರೀ ಸಹಿ ಮಾಡದೆ ಇರುವುದು ಬೇರೆ, ಪಾಸ್‌ಪೋರ್ಟ್ ಕೊಡಬೇಡಿ ಎಂದು ಲಿಖಿತವಾಗಿ ತಕರಾರು ಕೊಡುವುದು ಬೇರೆ. ತಕರಾರು ಬರುವ ಸೂಚನೆ ಇದ್ದರೆ, ನಡೆಯುತ್ತಿರುವ ಕೇಸಿನಲ್ಲೇ ಒಂದು ಮಧ್ಯಂತರ ಅರ್ಜಿ ಹಾಕಿಸಿ ಕೋರ್ಟಿನ ಅನುಮತಿ ತೆಗೆದುಕೊಳ್ಳಿ. ಕೇಸೇ ಇಲ್ಲದಿದ್ದರೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಲ್ಲಿ ಅರ್ಜಿ ಹಾಕಬಹುದು. ಅದನ್ನು ಮಗು ವಾಸವಿರುವ ಜಿಲ್ಲೆಯಲ್ಲೇ ಹಾಕಬೇಕು. ಮಗು ಬೀದರ್‌ನಲ್ಲಿ ಬೆಳೆಯುತ್ತಿದ್ದರೆ ಬೀದರ್‌ನಲ್ಲೇ, ಗಂಡನ ಊರಿಗೆ ಓಡಾಡುವುದು ಬೇಕಿಲ್ಲ. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಅಲ್ಲಿ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಬೀದರ್ ಮತ್ತು ಕಲಬುರಗಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ತಂದೆಯರು ಬಹಳ. ಅಂಥವರು ಒಪ್ಪಿದರೆ ದಾರಿ ಸುಲಭ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಒಪ್ಪಿಗೆಯ ಅಫಿಡವಿಟ್ ಮಾಡಿಸಿ, ಮುದ್ರೆ ಹಾಕಿಸಿ, ಮೂಲ ಪ್ರತಿಯನ್ನೇ ಕೊರಿಯರ್ ಮಾಡಬೇಕು. ಇಲ್ಲಿ ತಾಯಿ ಅನೆಕ್ಷರ್ ಡಿಗೆ ಸಹಿ ಮಾಡಿ ಎರಡನ್ನೂ ಕೊಡಬೇಕು. ವಾಟ್ಸಾಪಿನಲ್ಲಿ ಬಂದ ಫೋಟೋ ನಡೆಯುವುದಿಲ್ಲ.

ಮೂರನೇ ಹೆಜ್ಜೆ: ಅರ್ಜಿ ತುಂಬುವುದು, ಕೇಂದ್ರಕ್ಕೆ ಹೋಗುವುದು

ಅರ್ಜಿಯಲ್ಲಿ ತಂದೆ, ತಾಯಿ, ಕಾನೂನುಬದ್ಧ ಪೋಷಕರು, ಈ ಮೂವರಲ್ಲಿ ಒಬ್ಬರ ಹೆಸರಿದ್ದರೂ ಸಾಕು ಎಂಬ ನಿಯಮ ಇದೆ. ಹಾಗಿದ್ದರೂ ನಾನು ತಂದೆಯ ಹೆಸರನ್ನೂ ತುಂಬಿದೆ. ಜನನ ಪ್ರಮಾಣಪತ್ರದಲ್ಲಿ ಇರುವ ಹೆಸರು ಅರ್ಜಿಯಲ್ಲಿ ಇಲ್ಲದಿದ್ದರೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ. ವೀಸಾ ಮಾಡಿಸುವಾಗಲೂ ಅದೇ ಪ್ರಶ್ನೆ ಬರುತ್ತದೆ. ತಾಯಿ ಮರುಮದುವೆ ಆಗಿದ್ದರೆ ಹೊಸ ಗಂಡನ ಹೆಸರನ್ನು ತಂದೆಯ ಜಾಗದಲ್ಲಿ ಬರೆಯಬೇಡಿ. ಕಾನೂನಿನ ಪ್ರಕಾರ ದತ್ತು ಆಗದೆ ಆತ ಮಗುವಿನ ದಾಖಲೆಯಲ್ಲಿ ತಂದೆ ಆಗುವುದಿಲ್ಲ.

ಮಕ್ಕಳ ಸಾಮಾನ್ಯ ಪಾಸ್‌ಪೋರ್ಟಿಗೆ ನಾನು ಕಟ್ಟಿದ ಶುಲ್ಕ ಸಾವಿರ ರೂಪಾಯಿ. ಅದು ಐದು ವರ್ಷ ಅಥವಾ ಮಗುವಿಗೆ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಮತ್ತೆ ಮಾಡಿಸುವಾಗ ಅನೆಕ್ಷರ್ ಸಿ ಮತ್ತೆ ಬೇಕು. ಹಳೆಯದು ನಡೆಯುವುದಿಲ್ಲ.

ಕರ್ನಾಟಕದ ಅರ್ಜಿಗಳೆಲ್ಲ ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಸೇರುತ್ತವೆ. ಆದರೆ ಕಾಗದ ತೋರಿಸಲು ಅಲ್ಲಿಗೆ ಹೋಗಬೇಕಿಲ್ಲ. ದಿನ ಗೊತ್ತು ಮಾಡುವಾಗ ಹತ್ತಿರದ ಕೇಂದ್ರ ಆರಿಸಿಕೊಳ್ಳಬಹುದು. ನಾನು ಮಗಳನ್ನು ಕರೆದುಕೊಂಡು ಕಲಬುರಗಿಯ ಕೇಂದ್ರಕ್ಕೆ ಹೋದೆ. ಮಗುವಿನ ಜನನ ಪ್ರಮಾಣಪತ್ರ, ಇಬ್ಬರ ಆಧಾರ್, ಅನೆಕ್ಷರ್ ಸಿ, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಇಟ್ಟುಕೊಂಡಿದ್ದೆ. ಎಲ್ಲದಕ್ಕೂ ಮೂಲ ಪ್ರತಿ ಮತ್ತು ನಾನೇ ಸಹಿ ಮಾಡಿದ ಒಂದೊಂದು ಜೆರಾಕ್ಸ್. ವ್ಯಾಸಂಗ ಪ್ರಮಾಣಪತ್ರ ಕಡ್ಡಾಯ ಅಲ್ಲ. ಆದರೆ ಮಗು ಈ ಊರಲ್ಲೇ ಓದುತ್ತಿದೆ, ನನ್ನ ಜೊತೆಯಲ್ಲೇ ಇದೆ ಎಂಬುದನ್ನು ಅದು ಎರಡು ಸಾಲಿನಲ್ಲಿ ಹೇಳುತ್ತದೆ. ಕೌಂಟರಿನಲ್ಲಿದ್ದ ಮೇಡಂ "ತಂದೆ ಎಲ್ಲಿದ್ದಾರೆ?" ಎಂದು ಕೇಳಿದರು. ಅನೆಕ್ಷರ್‌ನಲ್ಲಿ ಬರೆದದ್ದನ್ನೇ ಹೇಳಿದೆ. ಬೇರೆ ಕಥೆ ಹೇಳಲು ಹೋಗಬೇಡಿ. ಕಾಗದ ಮತ್ತು ಮಾತು ಒಂದೇ ಇರಬೇಕು, ಅಲ್ವಾ?

ತಂದೆ ತಾಯಿ ಇಬ್ಬರೂ ಸಹಿ ಮಾಡಿ, ಇಬ್ಬರ ಪಾಸ್‌ಪೋರ್ಟೂ ಇದ್ದರೆ ಪೊಲೀಸ್ ವಿಚಾರಣೆ ಬಿಟ್ಟುಬಿಡುವುದುಂಟು. ಅನೆಕ್ಷರ್ ಸಿಯಲ್ಲಿ ಅರ್ಜಿ ಹಾಕಿದವರು ವಿಚಾರಣೆ ಆಗುತ್ತದೆ ಎಂದೇ ತಯಾರಾಗಿರಿ. ನಮ್ಮ ಠಾಣೆಯವರು ಮನೆಗೆ ಬಂದು ಮಗು ಯಾವಾಗಿನಿಂದ ಇಲ್ಲಿದೆ ಎಂದು ಕೇಳಿದರು, ಅಕ್ಕಪಕ್ಕದವರನ್ನು ವಿಚಾರಿಸಿದರು. ಅರ್ಜಿಯ ಸ್ಥಿತಿ ಆನ್‌ಲೈನಿನಲ್ಲಿ ಮುಂದೆ ಹೋಗದೆ ಒಂದೇ ಕಡೆ ನಿಂತಿದ್ದರೆ, ಅಥವಾ ಸ್ಪಷ್ಟನೆ ಕೇಳಿ ಪತ್ರ ಬಂದರೆ, ಹೊಸ ಅರ್ಜಿ ಹಾಕಬೇಡಿ. ಪಾಸ್‌ಪೋರ್ಟ್ ತಾಣದಲ್ಲೇ ಪಾಸ್‌ಪೋರ್ಟ್ ಕಚೇರಿಯ ಎನ್‌ಕ್ವೈರಿ ಭೇಟಿಗೆ ದಿನ ಗೊತ್ತು ಮಾಡಿ, ಕಡತದ ನಂಬರ್ ಬರೆದು ಲಿಖಿತ ಉತ್ತರ ಕೊಡಿ.

ನಾಲ್ಕನೇ ಹೆಜ್ಜೆ: ಶಾಲೆ

ಪಾಸ್‌ಪೋರ್ಟಿಗಿಂತ ನನ್ನನ್ನು ಹೆಚ್ಚು ಅಳಿಸಿದ್ದು ಟಿಸಿ. ಹಳೆಯ ಶಾಲೆಯವರು ತಂದೆ ಬಂದು ಸಹಿ ಮಾಡಲಿ ಎಂದು ಕುಳಿತರು. ದಾಖಲಾತಿ ಮಾಡಿಸಿದ್ದು ತಂದೆ ಎಂಬುದು ಅವರ ಕಾರಣ. ಮಗಳು ಒಂದೂವರೆ ತಿಂಗಳು ಮನೆಯಲ್ಲೇ ಕೂತಳು. ನನಗೆ ಆಗ ಕಾನೂನು ಗೊತ್ತಿರಲಿಲ್ಲ. ಆ ಒಂದೂವರೆ ತಿಂಗಳು ಇನ್ನೊಂದು ಮಗುವಿಗೆ ಹೋಗಬಾರದು ಎಂದೇ ಇದನ್ನು ಬಿಡಿಸಿ ಹೇಳುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ನೋಡಿ. ಆರರಿಂದ ಹದಿನಾಲ್ಕು ವರ್ಷದ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬೇಕೆಂದರೆ ಹಳೆಯ ಶಾಲೆಯ ಮುಖ್ಯಸ್ಥರು ಕೂಡಲೇ ಟಿಸಿ ಕೊಡಬೇಕು. ತಡ ಮಾಡಿದರೆ ಅವರ ಮೇಲೆ ಶಿಸ್ತು ಕ್ರಮ ಆಗಬಹುದು. ಟಿಸಿ ಇನ್ನೂ ಬಂದಿಲ್ಲ ಎಂದು ಹೊಸ ಶಾಲೆ ಪ್ರವೇಶ ನಿಲ್ಲಿಸುವಂತಿಲ್ಲ. ಅಂದರೆ ಮೊದಲು ಮಗುವನ್ನು ಸೇರಿಸಿ, ಟಿಸಿ ಹಿಂದಿನಿಂದ ಬರಲಿ. ಖಾಸಗಿ ಶಾಲೆಯಿಂದ ಇನ್ನೊಂದು ಖಾಸಗಿ ಶಾಲೆಗೆ ಹೋಗುವಾಗ ಈ ಕಲಮಿನ ಬಲ ಇಷ್ಟು ನೇರವಾಗಿ ಸಿಗುವುದಿಲ್ಲ. ಆಗ ಅಧಿಕಾರಿಯ ಮಾತಿನಿಂದಲೇ ಕೆಲಸ ಆಗಬೇಕು.

ಬಾಯಿಮಾತಿನಲ್ಲಿ ಕೇಳುವುದು ಬಿಡಿ. ಎರಡು ಪ್ರತಿ ಅರ್ಜಿ ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ನಾನು ಬರೆದದ್ದು ಹೀಗೆ:

"ನನ್ನ ಮಗಳು ನಿಮ್ಮ ಶಾಲೆಯಲ್ಲಿ 2ನೇ ತರಗತಿ ಓದುತ್ತಿದ್ದಳು. ನಾನು ಅವಳ ತಾಯಿ. ಮಗಳು ಈಗ ನನ್ನ ಜೊತೆ ಕಲಬುರಗಿಯಲ್ಲಿ ವಾಸವಾಗಿದ್ದಾಳೆ. ಅವಳ ವಿದ್ಯಾಭ್ಯಾಸ ಮುಂದುವರಿಸಲು ವರ್ಗಾವಣೆ ಪತ್ರ ಕೊಡಬೇಕೆಂದು ಕೋರುತ್ತೇನೆ. ನನಗೆ ವರ್ಗಾವಣೆ ಪತ್ರ ಕೊಡಬಾರದು ಎಂಬ ಯಾವುದೇ ನ್ಯಾಯಾಲಯದ ಆದೇಶ ಇಲ್ಲ. ಕೊಡಲು ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು."

ಕೊನೆಯ ಸಾಲು ಕೆಲಸ ಮಾಡುತ್ತದೆ. ತಂದೆಯ ಸಹಿ ಬೇಕು ಎಂದು ಬಾಯಲ್ಲಿ ಹೇಳುವವರು ಅದನ್ನು ಬರೆದುಕೊಡಲು ಹಿಂಜರಿಯುತ್ತಾರೆ. ವಾರದೊಳಗೆ ಉತ್ತರ ಬರದಿದ್ದರೆ ಮುದ್ರೆ ಬಿದ್ದ ಪ್ರತಿ ಇಟ್ಟು ಆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡಿ. ಹಳೆಯ ಶಾಲೆ ಇರುವ ತಾಲ್ಲೂಕಿನವರಿಗೇ ಕೊಡಬೇಕು, ನೀವು ಈಗ ಇರುವ ಊರಿನವರಿಗಲ್ಲ. ನನ್ನ ಟಿಸಿ ಬಂದದ್ದು ಹಾಗೆ.

ಟಿಸಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಮಗುವಿನ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ, ಶಿಕ್ಷಣ ಇಲಾಖೆ ಮಗುವಿಗೆ ಕೊಟ್ಟ ಸ್ಯಾಟ್ಸ್ ನಂಬರ್. ತಪ್ಪಿದ್ದರೆ ಅಲ್ಲೇ ಹೇಳಿ. ಹೊಸ ಶಾಲೆ ಸೇರಿಸುವಾಗ ತಂದೆಯ ಜಾಗದಲ್ಲಿ ತಂದೆಯ ಹೆಸರೇ ಇರಲಿ. ಸಂಪರ್ಕದ ಮೊಬೈಲ್ ಮತ್ತು ವಿಳಾಸ ಮಾತ್ರ ನಿಮ್ಮದಾಗಲಿ. ಮಗುವನ್ನು ಶಾಲೆಯಿಂದ ಯಾರು ಕರೆದೊಯ್ಯಬಹುದು ಎಂಬುದನ್ನೂ ಒಂದು ಪತ್ರದಲ್ಲಿ ಬರೆದುಕೊಡಿ. ಆದರೆ ಕೋರ್ಟ್ ಆದೇಶ ಇಲ್ಲದೆ ತಂದೆಗೆ ಮಗುವನ್ನು ತೋರಿಸಲೇಬಾರದು ಎಂದು ಶಾಲೆಗೆ ಹೇಳಿದರೆ ಅವರು ಒಪ್ಪಲಾರರು. ಅವರ ಮಟ್ಟಿಗೆ ಇಬ್ಬರೂ ಪೋಷಕರೇ.

ಹೆಸರಿನ ತಿದ್ದುಪಡಿ ಇದ್ದರೆ ಎಂಟನೇ ತರಗತಿ ಮುಗಿಯುವ ಮುಂಚೆ ಮುಗಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರುವುದು ಶಾಲೆಯ ದಾಖಲೆಯ ಹೆಸರು. ಅದು ಒಮ್ಮೆ ಮುದ್ರಣವಾದ ಮೇಲೆ ತಿದ್ದಿಸಲು ಶಾಲೆ, ಇಲಾಖೆ, ಮಂಡಳಿ ಎಂದು ಓಡಾಡಬೇಕು. ನಮ್ಮ ಭಾಗದವರಿಗೆ ಇನ್ನೊಂದು ಮಾತು: ಮಗು ಎಷ್ಟು ಶಾಲೆ ಬದಲಿಸಿದರೂ ಪ್ರತಿಯೊಂದು ಶಾಲೆಯ ವ್ಯಾಸಂಗ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾಗುವ 371ಜೆ ಅರ್ಹತಾ ಪ್ರಮಾಣಪತ್ರ ಮಾಡಿಸುವಾಗ ಈ ಭಾಗದಲ್ಲೇ ಇದ್ದೆವು ಎಂದು ತೋರಿಸಲು ಅವು ಬೇಕಾಗುತ್ತವೆ. ಗಂಡನ ಮನೆಯ ಕಾಗದಗಳು ಆಗ ಕೈಗೆ ಸಿಗದಿರಬಹುದು.

ವಿಮಾನ ಹತ್ತುವ ಮುಂಚೆ

ಪಾಸ್‌ಪೋರ್ಟ್ ಬಂತು ಎಂದರೆ ಮಗುವನ್ನು ಕರೆದೊಯ್ಯಲು ಅನುಮತಿ ಸಿಕ್ಕಿತು ಎಂದಲ್ಲ. ವೀಸಾ ಕೊಡುವ ದೇಶ ಇನ್ನೊಬ್ಬ ಪೋಷಕರ ಒಪ್ಪಿಗೆ ಪತ್ರ ಕೇಳಬಹುದು. ಅದರಲ್ಲಿ ಮಗುವಿನ ಪಾಸ್‌ಪೋರ್ಟ್ ನಂಬರ್, ಹೋಗುವ ಮತ್ತು ಬರುವ ದಿನ, ಇರುವ ವಿಳಾಸ, ಜೊತೆಗೆ ಹೋಗುವವರ ಹೆಸರು ಇರಬೇಕು. ಇದಕ್ಕೆ ಮಾತ್ರ ನೋಟರಿ ಮಾಡಿಸುವುದು ಒಳ್ಳೆಯದು. ಕೋರ್ಟ್ ನಿಮ್ಮನ್ನು ಪೋಷಕರೆಂದು ನೇಮಿಸಿದ್ದರೆ, ಆ ಕೋರ್ಟಿನ ವ್ಯಾಪ್ತಿಯಿಂದ ಮಗುವನ್ನು ಹೊರಗೆ ಕರೆದೊಯ್ಯಲು ಅದರ ಅನುಮತಿ ಬೇಕು. ಪಾಲನೆಯ ಕೇಸು ನಡೆಯುವಾಗ ಹೇಳದೆ ಕೇಳದೆ ವಿದೇಶಕ್ಕೆ ಹೋದರೆ ನ್ಯಾಯಾಧೀಶರು ಅದನ್ನು ಮಗುವನ್ನು ಬಚ್ಚಿಟ್ಟ ಹಾಗೆ ನೋಡುತ್ತಾರೆ.

ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯುವವರು ಇದೆಲ್ಲವನ್ನೂ ಒಂದೇ ಸಲಕ್ಕೆ ಮುಗಿಸಬಹುದು. ರಾಜಿ ಪತ್ರದಲ್ಲಿ ಜೀವನಾಂಶ, ಒಡವೆ, ಪಾತ್ರೆ ಎಲ್ಲ ಬರೆಸುತ್ತೇವೆ, ಮಗುವಿನ ಕಾಗದದ ಮಾತು ಮರೆಯುತ್ತೇವೆ. ನಿಮ್ಮ ವಕೀಲರಿಗೆ ಹೇಳಿ ಈ ಸಾಲು ಸೇರಿಸಿ: "ಮಗುವಿನ ಪಾಸ್‌ಪೋರ್ಟ್ ಪಡೆಯಲು, ನವೀಕರಿಸಲು, ವೀಸಾ ಮತ್ತು ವಿದೇಶ ಪ್ರಯಾಣಕ್ಕೆ, ಶಾಲೆಯ ಪ್ರವೇಶ ಮತ್ತು ವರ್ಗಾವಣೆಗೆ ತಾಯಿಯೊಬ್ಬರ ಸಹಿ ಸಾಕು. ಇದಕ್ಕೆ ತಂದೆಯ ಆಕ್ಷೇಪಣೆ ಇರುವುದಿಲ್ಲ." ಅದು ಡಿಕ್ರಿಯ ಭಾಗವಾಗಬೇಕು, ಬೇರೆ ಹಾಳೆಯಲ್ಲಿ ಉಳಿಯಬಾರದು. ದೃಢೀಕೃತ ನಕಲನ್ನು ಒಂದಲ್ಲ, ಮೂರು ತೆಗೆಸಿ: ಒಂದು ಪಾಸ್‌ಪೋರ್ಟ್ ಕಡತಕ್ಕೆ, ಒಂದು ಶಾಲೆಗೆ ತೋರಿಸಲು, ಒಂದು ಮನೆಯ ಟ್ರಂಕಿಗೆ.